ಆರಕ್ಕೆ ಐದು: ಜಾಮೀನಿನ ಅಂಕವನ್ನು ಪೆನ್ನು ಹಿಡಿದು ಕೂಡಿ ನೋಡಿದಾಗ

ನಾನು ಅಮೆರಿಕದ ಒಂದು ಕೌಂಟಿ ಕೋರ್ಟಿನಲ್ಲಿ ಡಿಫೆನ್ಸ್ ವಕೀಲ. ವಕೀಲರನ್ನು ಇಟ್ಟುಕೊಳ್ಳಲು ದುಡ್ಡಿಲ್ಲದವರ ಕೇಸುಗಳೇ ನನ್ನ ಪಾಲಿಗೆ ಬರುತ್ತವೆ. ಊರಿಂದ ಫೋನ್ ಮಾಡಿದಾಗ ಅಪ್ಪ ಒಮ್ಮೆ ಕೇಳಿದ್ದರು, "ಅಲ್ಲೂ ಪಹಣಿ ಹಿಡ್ಕೊಂಡು ಶ್ಯೂರಿಟಿ ನಿಲ್ಲೋಕೆ ಯಾರಾದ್ರೂ ಬರಬೇಕಾ?" ಬೇಡ ಅಪ್ಪ, ಇಲ್ಲಿ ಒಂದು ಹಾಳೆ ಬರುತ್ತೆ, ಅದರಲ್ಲಿ ಅಂಕ ಇರುತ್ತೆ ಅಂದೆ. "ಪರೀಕ್ಷೆ ಬರೆಸ್ತಾರಾ?" ಅಂದರು.

ಬರೆಸುವುದಿಲ್ಲ. ಆರೋಪಿಯನ್ನು ಯಾರೂ ಏನೂ ಕೇಳುವುದೇ ಇಲ್ಲ. ಪಬ್ಲಿಕ್ ಸೇಫ್ಟಿ ಅಸೆಸ್‌ಮೆಂಟ್ ಅಂತ ಅದರ ಹೆಸರು, ನಾವು ಪಿಎಸ್‌ಎ ಅನ್ನುತ್ತೇವೆ. ವಯಸ್ಸು, ಈಗಿನ ಆರೋಪ, ಹಳೇ ಶಿಕ್ಷೆಗಳು, ಹಿಂದೆ ಕೋರ್ಟಿಗೆ ತಪ್ಪಿಸಿಕೊಂಡ ದಿನಗಳು, ಹೀಗೆ ಒಂಬತ್ತು ಅಂಶಗಳನ್ನು ದಾಖಲೆಯಿಂದ ಎತ್ತಿಕೊಂಡು 1ರಿಂದ 6ರವರೆಗೆ ಎರಡು ಅಂಕ ಕೊಡುತ್ತದೆ. ಒಂದು, ಬಿಟ್ಟರೆ ಈತ ಕೋರ್ಟಿಗೆ ಬರದೇ ಇರುವ ಅಪಾಯಕ್ಕೆ. ಇನ್ನೊಂದು, ಹೊಸ ಕೇಸಿನಲ್ಲಿ ಸಿಕ್ಕಿಬೀಳುವ ಅಪಾಯಕ್ಕೆ. ನ್ಯೂಜೆರ್ಸಿ 2017ರ ಜನವರಿ 1ರಿಂದ ಇದನ್ನು ರಾಜ್ಯದ ತುಂಬ ಬಳಸುತ್ತಿದೆ. ನಮ್ಮ ಕೌಂಟಿ ಬೇರೆ ರಾಜ್ಯದ್ದು, ಹಾಳೆ ಅದೇ.

ಆ ದಿನ ನನ್ನ ಕಕ್ಷಿದಾರ 22 ವರ್ಷದ ಹುಡುಗ. ಕದ್ದ ಸಾಮಾನು ಇಟ್ಟುಕೊಂಡಿದ್ದ ಆರೋಪ. ಹಾಳೆಯಲ್ಲಿ ಎರಡೂ ಅಂಕ 5. ಪ್ರಾಸಿಕ್ಯೂಟರ್ ಎದ್ದು "ಆರಕ್ಕೆ ಐದು" ಅಂದರು, ಅಷ್ಟೇ. ಕೇಳಿದವರಿಗೆ ನೂರಕ್ಕೆ 83 ಅನಿಸುತ್ತೆ, ಅಲ್ವಾ? ಅದು ಶೇಕಡಾವಾರು ಅಲ್ಲವೇ ಅಲ್ಲ. ಐದನೇ ಗುಂಪು ನಾಲ್ಕನೇ ಗುಂಪಿಗಿಂತ ಮೇಲೆ ಅಂತ ಮಾತ್ರ ಅದರ ಅರ್ಥ. ಐದು ಬಂದರೆ ಬಿಡಬೇಕಾ, ಹಿಡಿದಿಡಬೇಕಾ ಅನ್ನುವ ಕೋಷ್ಟಕವನ್ನೂ ಗಣಿತ ಬರೆದಿಲ್ಲ. ಅದನ್ನು ಆಯಾ ಊರಿನವರು ಕೂತು ತೀರ್ಮಾನಿಸಿದ್ದಾರೆ.

ನಾನು ಜಡ್ಜ್ ಹತ್ತಿರ ಹದಿನೈದು ನಿಮಿಷ ಸಮಯ ಕೇಳಿಕೊಂಡು ಹೊರಗೆ ಬಂದೆ. ಪಿಎಸ್‌ಎಯಲ್ಲಿ ಒಂದು ದೊಡ್ಡ ಉಪಕಾರ ಇದೆ: ಯಾವ ಅಂಶಕ್ಕೆ ಎಷ್ಟು ಅಂಕ ಅನ್ನುವುದನ್ನು ಮುಚ್ಚಿಟ್ಟಿಲ್ಲ. ಯಾರು ಬೇಕಾದರೂ ಕೂಡಿ ನೋಡಬಹುದು. ಕಾರಿಡಾರಿನ ಬೆಂಚಿನ ಮೇಲೆ ಕೂತು ಕೂಡಿದೆ.

ಹೊಸ ಕೇಸಿನ ಅಂಕ ಮೊದಲು. ವಯಸ್ಸು 22 ಅಥವಾ ಕಡಿಮೆ ಇದ್ದರೆ 2. ಬಂಧನದ ಹೊತ್ತಿಗೆ ಇನ್ನೊಂದು ಕೇಸು ಬಾಕಿ ಇದ್ದರೆ 3. ಹಿಂದೆ ಸಣ್ಣ ಅಪರಾಧಕ್ಕೆ ಶಿಕ್ಷೆ ಆಗಿದ್ದರೆ 1. ಕಳೆದ ಎರಡು ವರ್ಷದಲ್ಲಿ ಎರಡು ಸಲ ಕೋರ್ಟಿಗೆ ಬಾರದಿದ್ದರೆ 2. ಒಟ್ಟು 8. 7 ಅಥವಾ 8 ಬಂದರೆ ಹಾಳೆಯಲ್ಲಿ 5 ಅಂತ ಬೀಳುತ್ತದೆ.

ಕೋರ್ಟಿಗೆ ಬಾರದ ಅಂಕ: ಬಾಕಿ ಕೇಸಿಗೆ 1, ಹಳೇ ಶಿಕ್ಷೆಗೆ 1, ಎರಡು ಗೈರುಹಾಜರಿಗೆ 4. ಒಟ್ಟು 6, ಹಾಳೆಯಲ್ಲಿ 5.

ಕೂಡುವುದರಲ್ಲಿ ತಪ್ಪಿರಲಿಲ್ಲ. ಇದು ಮೊದಲು ನನಗೂ ತಲೆಗೆ ಹತ್ತಿರಲಿಲ್ಲ. ಯಂತ್ರದ ಲೆಕ್ಕ ತಪ್ಪುವುದು ಅಪರೂಪ, ತಪ್ಪು ಸಾಮಾನ್ಯವಾಗಿ ಅದಕ್ಕೆ ಉಣಿಸಿದ ದಾಖಲೆಯಲ್ಲಿರುತ್ತದೆ. ಹಾಗಾಗಿ ಹುಡುಗನ ಹತ್ತಿರ ಹೋಗಿ ಒಂದೊಂದೇ ಸಾಲು ಓದಿದೆ. "ಬಾಕಿ ಕೇಸು ಯಾವುದು?" ಅಂದೆ. "ಪಕ್ಕದ ಕೌಂಟಿದು ಇತ್ತು, ವಜಾ ಆಯ್ತಲ್ಲ ಸರ್" ಅಂದ. "ಈ ಎರಡನೇ ದಿನ ಕೋರ್ಟಿಗೆ ಯಾಕೆ ಬರಲಿಲ್ಲ?" ಅದಕ್ಕವನು ನನ್ನನ್ನೇ ದಡ್ಡನನ್ನು ನೋಡಿದ ಹಾಗೆ ನೋಡಿದ. "ಆ ದಿನ ನಾನು ಅವರ ಜೈಲಲ್ಲಿದ್ದೆ ಸರ್, ಅದೇ ಕೇಸಿಗೆ."

ಹದಿನೈದು ನಿಮಿಷ ಸಾಲುವಂತಿರಲಿಲ್ಲ. ಮರುದಿನಕ್ಕೆ ಮುಂದೂಡಿಸಿಕೊಂಡೆ. ಹುಡುಗ ಆ ರಾತ್ರಿ ಒಳಗೇ ಇದ್ದ. ಇಂಥ ತಪ್ಪಿನ ಬೆಲೆ ಯಾವಾಗಲೂ ತೆರುವವರು ಕಕ್ಷಿದಾರರೇ. ಪಕ್ಕದ ಕೌಂಟಿ ಕೋರ್ಟಿನಿಂದ ವಜಾ ಆದೇಶದ ಮುದ್ರೆ ಹಾಕಿದ ಪ್ರತಿ ತರಿಸಿದೆ. ಆ ಕೇಸು ವಜಾ ಆಗಿ ಮೂರು ವಾರ ಕಳೆದ ಮೇಲೆ ಈ ಬಂಧನ. ಕಂಪ್ಯೂಟರಿನಲ್ಲಿ ಯಾರೂ ಅದನ್ನು ಮುಚ್ಚಿರಲಿಲ್ಲ. ಜೈಲಿನಿಂದ ಒಳಗೆ ಹಾಕಿದ ದಿನ, ಹೊರಗೆ ಬಿಟ್ಟ ದಿನ ಇರುವ ಒಂದು ಪುಟ ಪಡೆದೆ. ನಮ್ಮ ಕೋರ್ಟಿನ ಆ ದಿನಾಂಕ ಎರಡರ ಮಧ್ಯೆ ಸರಿಯಾಗಿ ಕೂತಿತ್ತು. ಬೇರೆಡೆ ಬಂಧನದಲ್ಲಿದ್ದದ್ದು ಖಚಿತವಾದರೆ ಅದನ್ನು ಗೈರುಹಾಜರಿ ಅಂತ ಎಣಿಸಬಾರದು.

ಅಂದರೆ ನಿಲ್ಲದೇ ಹೋದ ಒಂದೇ ಕೇಸು ಎರಡೂ ಅಂಕಗಳಿಗೆ ಎರಡೆರಡು ಸಲ ಸೇರಿತ್ತು! ಒಮ್ಮೆ ಬಾಕಿ ಕೇಸಾಗಿ, ಇನ್ನೊಮ್ಮೆ ಗೈರುಹಾಜರಿಯಾಗಿ. ತೆಗೆದು ಮತ್ತೆ ಕೂಡಿದರೆ ಮೊದಲನೆಯದು 8ರಿಂದ 4ಕ್ಕೆ ಇಳಿಯಿತು, ಹಾಳೆಯಲ್ಲಿ 3. ಎರಡನೆಯದು 6ರಿಂದ 3ಕ್ಕೆ, ಹಾಳೆಯಲ್ಲಿ 4. ಉಳಿದ ಒಂದು ಗೈರುಹಾಜರಿ ನಿಜವಾದದ್ದೇ. ಅವನಿಗೆ ಆ ದಿನ ಕೆಲಸದಲ್ಲಿ ರಜೆ ಸಿಕ್ಕಿರಲಿಲ್ಲವಂತೆ. ಕಾರಣವನ್ನು ಹಾಳೆ ಕೇಳುವುದಿಲ್ಲ, ಅದಕ್ಕೆ ಆ ಅಂಕದ ತಂಟೆಗೆ ಹೋಗಲಿಲ್ಲ. ಕಾರಣವನ್ನು ಜಡ್ಜ್‌ಗೆ ಬಾಯಲ್ಲಿ ಹೇಳಿದೆ. ತಿಂಗಳಿಗೊಮ್ಮೆ ಫೋನಿನಲ್ಲಿ ವರದಿ ಮಾಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಬಿಟ್ಟರು.

ಈ ಕೇಸು ಗೆದ್ದದ್ದಕ್ಕೆ ನನ್ನ ಜಾಣತನ ಕಾರಣ ಅಂತ ಹೇಳಿದರೆ ಸುಳ್ಳಾಗುತ್ತೆ. ಕೂಡುವ ಲೆಕ್ಕ ನನ್ನ ಕೈಯಲ್ಲಿತ್ತು. ಈ ತಪ್ಪು ತಿದ್ದಿದರೆ ಅಂಕ ಎಷ್ಟಕ್ಕೆ ಬರುತ್ತೆ ಅಂತ ಜಡ್ಜ್ ಮುಂದೆ ಹೇಳೋಕೆ ಆಯ್ತು.

ಶಿಕ್ಷೆ ವಿಧಿಸುವ ಹಂತದಲ್ಲಿ ಬರುವ ಕೆಲವು ಅಂಕಗಳಲ್ಲಿ ಅದು ಆಗುವುದಿಲ್ಲ. ಕಂಪಾಸ್ ಅನ್ನುವ ಸಾಧನವನ್ನು ನೋಡಿ. ಅದು ಖಾಸಗಿ ಕಂಪನಿಯದು, ಪ್ರಶ್ನೆಗಳು ನೂರಕ್ಕೂ ಜಾಸ್ತಿ, ಯಾವುದಕ್ಕೆ ಎಷ್ಟು ತೂಕ ಅನ್ನುವುದು ವ್ಯಾಪಾರದ ಗುಟ್ಟು. ವಿಸ್ಕಾನ್ಸಿನ್ ಸುಪ್ರೀಂ ಕೋರ್ಟ್ 2016ರಲ್ಲಿ ಲೂಮಿಸ್ ಕೇಸಿನಲ್ಲಿ ಇದನ್ನು ಬಳಸಬಹುದು ಅಂದಿತು. ಅಂಕವೇ ಶಿಕ್ಷೆಯನ್ನು ನಿರ್ಧರಿಸಬಾರದು, ಲೆಕ್ಕ ಗುಟ್ಟಾಗಿದೆ ಅನ್ನುವುದೂ ಸೇರಿ ಕೆಲವು ಎಚ್ಚರಿಕೆಗಳನ್ನು ಶಿಕ್ಷೆಗೆ ಮೊದಲು ಜಡ್ಜ್‌ಗೆ ಹೋಗುವ ವರದಿಯಲ್ಲಿ ಬರೆದಿರಬೇಕು ಅಂತ ಷರತ್ತು ಹಾಕಿತು. ಆರೋಪಿ ತನ್ನ ಉತ್ತರಗಳು ಸರಿ ಇವೆಯಾ ಅಂತ ನೋಡಿಕೊಳ್ಳಬಹುದಲ್ಲ ಅನ್ನುವುದು ಕೋರ್ಟಿನ ಒಂದು ವಾದ.

ನನಗೆ ಒಪ್ಪಿಗೆಯಾಗದೇ ಇರುವುದು ಅಲ್ಲೇ. ನ್ಯೂಯಾರ್ಕಿನ ಕೈದಿಯೊಬ್ಬರ ಕಂಪಾಸ್ ಹಾಳೆಯಲ್ಲಿ ಜೈಲಿನ ಶಿಸ್ತಿನ ಬಗೆಗಿನ ಒಂದು ಉತ್ತರ ತಪ್ಪಾಗಿತ್ತು, ಪೆರೋಲ್ ಸಿಗಲಿಲ್ಲ. ಉತ್ತರ ತಪ್ಪು ಅಂತ ಅವರಿಗೆ ಗೊತ್ತಿತ್ತು. ಆದರೆ ಅದರಿಂದ ಅಂಕ ಎಷ್ಟು ಏರಿತು ಅಂತ ತೋರಿಸಲು ತೂಕ ಗೊತ್ತಿರಲಿಲ್ಲ. ಕೊನೆಗೆ ಬೇರೆ ಕೈದಿಗಳ ಹಾಳೆಗಳ ಜೊತೆ ತಮ್ಮದನ್ನು ಹೋಲಿಸಿ ಊಹಿಸಬೇಕಾಯಿತು. ನಾನು ಬೆಂಚಿನ ಮೇಲೆ ಕೂತು ಮಾಡಿದ ಲೆಕ್ಕವನ್ನು ಅವರು ಜೈಲಿನೊಳಗೆ ಕತ್ತಲಲ್ಲಿ ತಡವುತ್ತಾ ಮಾಡಿದರು. ಇಡಾಹೊ ರಾಜ್ಯ 2019ರಲ್ಲಿ ಕಾನೂನು ಮಾಡಿತು: ಜಾಮೀನಿನ ಹಂತದ ಇಂಥ ಸಾಧನಗಳಿಗೆ ವ್ಯಾಪಾರದ ಗುಟ್ಟು ಅನ್ನುವ ನೆಪ ನಡೆಯುವುದಿಲ್ಲ. ಶಿಕ್ಷೆಯ ಹಂತ ಆ ಕಾನೂನಿನಲ್ಲಿಲ್ಲ.

ಶಿಕ್ಷೆಯ ವರದಿಯಲ್ಲಿ ಇಂಥ ಅಂಕ ಬಂದರೆ ಈಗ ನಾನು ಮೂರು ವಿಷಯ ಕೇಳಿ ಅರ್ಜಿ ಹಾಕುತ್ತೇನೆ: ತುಂಬಿದ ಪ್ರಶ್ನಾವಳಿ, ಈ ಅಂಕವನ್ನು ಯಾವ ಜನರ ಮೇಲೆ ಪರೀಕ್ಷಿಸಿದ್ದಾರೆ ಅನ್ನುವ ವಿವರ, ಪ್ರತಿ ಉತ್ತರದ ತೂಕ. ಮೊದಲನೆಯದು ಬರುತ್ತದೆ. ಎರಡನೆಯದು ಕೆಲವೊಮ್ಮೆ. ಮೂರನೆಯದು ನನಗೆ ಇದುವರೆಗೆ ಸಿಕ್ಕಿಲ್ಲ, ಆದರೂ ಕೇಳಿ ನಿರಾಕರಿಸಿದ್ದು ದಾಖಲೆಗೆ ಹೋಗಲಿ ಅಂತ ಪ್ರತಿ ಸಲ ಬರೆಯುತ್ತೇನೆ. ಅಪೀಲಿನಲ್ಲಿ ಹಿಡಿದುಕೊಳ್ಳಲು ಬೇರೆ ಏನೂ ಇರುವುದಿಲ್ಲ.