ಮೆಣಸಿನಪುಡಿಯ ಮೋಡ ಮಸುಕಾಗುತ್ತಿದ್ದುದಕ್ಕೆ ಕಂಡುಕೊಂಡ ಪರಿಹಾರ

ಬ್ಯಾಡಗಿ ಮೆಣಸಿನಪುಡಿಯ ಪ್ಯಾಕೆಟ್‌ಗೆ ಬೇಕಿದ್ದ ಚಿತ್ರ ಇದು: ಹಳೆಯ ಮರದ ಹಲಗೆ, ಹಿತ್ತಾಳೆ ಬಟ್ಟಲಲ್ಲಿ ಸುಕ್ಕುಗಟ್ಟಿದ ಇಡೀ ಮೆಣಸಿನಕಾಯಿ, ಹಿಂದೆ ಏಳುವ ಕೆಂಪು ಪುಡಿಯ ಮೋಡ. ಆದರೆ ಪ್ರತಿ ಸಲವೂ ಮೋಡ ಇಟ್ಟಿಗೆ ಬಣ್ಣದ ಹೊಗೆಯಂತೆ ಬರುತ್ತಿತ್ತು.

ಶಟರ್ ವೇಗ ಹೆಚ್ಚಿಸಿ ಪ್ರಯೋಜನವಾಗಲಿಲ್ಲ. ಕತ್ತಲ ಕೋಣೆಯಲ್ಲಿ ಚಲನೆಯನ್ನು ಹಿಡಿದು ನಿಲ್ಲಿಸುವುದು ಶಟರ್ ಅಲ್ಲ, ಫ್ಲ್ಯಾಶ್ ಬೆಳಗುವ ಅವಧಿ. ಸ್ಪೀಡ್‌ಲೈಟ್ ಪೂರ್ಣ ಶಕ್ತಿಯಲ್ಲಿ ಸುಮಾರು 1/300 ಸೆಕೆಂಡ್ ಬೆಳಗುತ್ತದೆ; ಅಷ್ಟರಲ್ಲಿ ಪುಡಿ ಜರುಗಿಬಿಡುತ್ತದೆ. 1/32 ಶಕ್ತಿಗೆ ಇಳಿಸಿದಾಗ ಆ ಅವಧಿ ಹಲವು ಪಟ್ಟು ಕಿರಿದಾಗಿ ಕಣಕಣವೂ ಬಿಡಿಬಿಡಿಯಾಗಿ ಕಂಡಿತು. ಕಡಿಮೆಯಾದ ಬೆಳಕನ್ನು ಫ್ಲ್ಯಾಶ್ ಹತ್ತಿರ ತಂದು, ISO 400ಕ್ಕೆ ಏರಿಸಿ ಸರಿದೂಗಿಸಿದೆ. ಶಟರ್ 1/160, f/11.

ಬಣ್ಣ ಮಂಕಾಗಲು ಕಾರಣ ಎದುರಿನ ಬೆಳಕು. ಫ್ಲ್ಯಾಶನ್ನು ಮೋಡದ ಹಿಂದೆ, ಓರೆಯಾಗಿ ಇಟ್ಟ ಕೂಡಲೇ ಅಂಚುಗಳು ಕೆಂಡದಂತೆ ಹೊಳೆದವು. ಹಿಸ್ಟೋಗ್ರಾಮ್‌ನಲ್ಲಿ ಕೆಂಪು ಚಾನೆಲ್ ಮಾತ್ರ ನೋಡಿಕೊಳ್ಳಿ; ಅದು ಬಲತುದಿಗೆ ಬಡಿದರೆ ಪುಡಿ ಪ್ಲಾಸ್ಟಿಕ್‌ನಂತೆ ಕಾಣುತ್ತದೆ.

ಗಂಟುಗಂಟಾಗಿ ಬಿದ್ದರೆ ಪುಡಿಯಲ್ಲಿ ತೇವವಿದೆ ಎಂದರ್ಥ. ಬಿಸಿಲಿಗೆ ಹರಡಿ, ಜರಡಿ ಹಿಡಿದು, ಒಂದು ಸಲಕ್ಕೆ ಒಂದೇ ಚಮಚ ಎರಚಿ. ಬಟ್ಟಲಿನ ಚಿತ್ರವನ್ನು ಮೊದಲೇ ತೆಗೆದಿಡಿ. ಪುಡಿ ಕೂತ ಮೇಲೆ ಮೆಣಸಿನಕಾಯಿಯ ಹೊಳಪು ಮರಳುವುದಿಲ್ಲ. ಟ್ರೈಪಾಡ್ ಕದಲಿಸದಿದ್ದರೆ ಬಟ್ಟಲಿನ ಚಿತ್ರ, ಮೋಡದ ಚಿತ್ರ ಎರಡನ್ನೂ ಸುಲಭವಾಗಿ ಜೋಡಿಸಬಹುದು. ಕನ್ನಡಕ, ಮಾಸ್ಕ್ ಕಡ್ಡಾಯ. ಹತ್ತಿರ ದೀಪ, ಒಲೆ ಉರಿಯಬಾರದು: ಗಾಳಿಯಲ್ಲಿ ದಟ್ಟವಾಗಿ ಹರಡಿದ ಒಣಪುಡಿ ಬೆಂಕಿ ಹಿಡಿಯುತ್ತದೆ.