ತಿಂಗಳ ಸಂಬಳ ಇಲ್ಲದವರ ಮನೆ ಲೆಕ್ಕ: ಬಾಡಿಗೆಯೋ, ಸ್ವಂತವೋ?

ಫ್ರೀಲ್ಯಾನ್ಸ್ ಕೆಲಸ ಮಾಡುವವರು ಮನೆ ಕೊಳ್ಳುವ ಲೆಕ್ಕ ಹಾಕುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ, ಒಂದಲ್ಲ ಎರಡಲ್ಲ, ಹತ್ತಾರು ಸಲ. ಎಲ್ಲರೂ ಎಡವುವುದು ಒಂದೇ ಕಡೆ. ವರ್ಷಕ್ಕೆ ಬಂದದ್ದನ್ನು 12ರಿಂದ ಭಾಗಿಸುತ್ತಾರೆ, ಬಂದ ಉತ್ತರವನ್ನು ಸಂಬಳ ಅಂತ ನಂಬುತ್ತಾರೆ, ಅದರಲ್ಲಿ ಇಎಂಐ ಹಿಡಿಯುತ್ತಾ ಅಂತ ನೋಡುತ್ತಾರೆ. ಹಿಡಿಯುತ್ತದೆ. ಸರಾಸರಿಯಲ್ಲಿ ಎಲ್ಲವೂ ಹಿಡಿಯುತ್ತದೆ!

ವಿಡಿಯೋ ಎಡಿಟಿಂಗ್ ಮಾಡುವ ನನ್ನ ಗೆಳತಿಯೊಬ್ಬಳ ಲೆಕ್ಕವನ್ನೇ ಇಲ್ಲಿ ಬಿಚ್ಚಿಡುತ್ತೇನೆ. ನಿಮ್ಮ ಅಂಕಿ ಹಾಕಿಕೊಂಡು ಜೊತೆಗೇ ಮಾಡುತ್ತಾ ಬನ್ನಿ.

1. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ

ಕನಿಷ್ಠ 24 ತಿಂಗಳದ್ದು ಬೇಕು, 36 ಇದ್ದರೆ ಇನ್ನೂ ಒಳ್ಳೆಯದು. ಬಿಲ್ ಕಳಿಸಿದ ದಿನ ಲೆಕ್ಕಕ್ಕಿಲ್ಲ, ದುಡ್ಡು ಖಾತೆಗೆ ಬಿದ್ದ ದಿನ ಮಾತ್ರ ಲೆಕ್ಕ. ಬಿಲ್ ಕಳಿಸಿ 60 ದಿನ ಆದಮೇಲೆ ದುಡ್ಡು ಕೊಡುವ ಗಿರಾಕಿ ಇದ್ದೇ ಇರುತ್ತಾನೆ, ಆದರೆ ಬ್ಯಾಂಕು ಇಎಂಐಗೆ 60 ದಿನ ಕಾಯುವುದಿಲ್ಲ.

2. ನಿಮ್ಮದಲ್ಲದ ದುಡ್ಡನ್ನು ಕಳೆಯಿರಿ

ತೆರಿಗೆ, ಕೆಲಸದ ಸಾಫ್ಟ್‌ವೇರ್, ಉಪಕರಣ, ಬೇರೆಯವರಿಗೆ ಹಂಚಿದ ಕೆಲಸದ ಕೂಲಿ, ಎಲ್ಲ ಆಯಾ ತಿಂಗಳಲ್ಲೇ ಕಳೆಯಿರಿ. ಲ್ಯಾಪ್‌ಟಾಪ್ ಮೂರ್ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತದೆ ಅಲ್ವಾ, ಅದಕ್ಕೂ ತಿಂಗಳಿಗಿಷ್ಟು ಅಂತ ತೆಗೆದಿಡಿ.

3. ಗುಂಡಿ ಎಷ್ಟು ಆಳ ಅಂತ ಅಳೆಯಿರಿ

ಮುಖ್ಯವಾದದ್ದು ಇದೇ. ನಿಧಾನಕ್ಕೆ ಓದಿ.

ಗೆಳತಿಗೆ ಒಂದು ವರ್ಷದಲ್ಲಿ ಎಲ್ಲ ಕಳೆದು ಕೈಗೆ ಉಳಿದದ್ದು, ತಿಂಗಳ ಲೆಕ್ಕದಲ್ಲಿ, ಸಾವಿರಗಳಲ್ಲಿ: 90, 40, 0, 25, 150, 60, 110, 30, 20, 0, 45, 270. ಒಟ್ಟು 8 ಲಕ್ಷ 40 ಸಾವಿರ. ಸರಾಸರಿ 70 ಸಾವಿರ.

ಮನೆ ಬಿಟ್ಟು ಉಳಿದ ಜೀವನದ ಖರ್ಚು ತಿಂಗಳಿಗೆ 30 ಸಾವಿರ. ಈಗಿನ ಬಾಡಿಗೆ 20. ಕೊಳ್ಳಬೇಕೆಂದಿದ್ದ ಮನೆಯ ಬೆಲೆ 46 ಲಕ್ಷ, ಅದರಲ್ಲಿ 37 ಲಕ್ಷ ಸಾಲ. ಶೇ 8.5 ಬಡ್ಡಿ, 20 ವರ್ಷ ಅಂದರೆ ಇಎಂಐ ಸುಮಾರು 32 ಸಾವಿರ. ಮೇಲೆ ದುರಸ್ತಿ, ಮನೆ ತೆರಿಗೆ, ವಿಮೆ, ನಿರ್ವಹಣೆ ಎಲ್ಲ ಸೇರಿ 6 ಸಾವಿರ. ಅಲ್ಲಿಗೆ ಬಾಡಿಗೆಯಲ್ಲಿದ್ದರೆ ತಿಂಗಳಿಗೆ 50 ಸಾವಿರ ಬೇಕು, ಸ್ವಂತ ಮನೆಯಾದರೆ 68. ಸರಾಸರಿ 70 ಇದೆಯಲ್ಲ, ಇನ್ನೂ ಎರಡು ಸಾವಿರ ಮಿಗುತ್ತದೆ ಅಂತ ಅವಳು ಖುಷಿಯಾಗಿದ್ದಳು.

ಈಗ ಹೀಗೆ ಮಾಡಿ. ಸೊನ್ನೆಯಿಂದ ಶುರು ಮಾಡಿ, ಪ್ರತಿ ತಿಂಗಳು ಬಂದದ್ದನ್ನು ಕೂಡಿಸಿ, 68 ಕಳೆಯಿರಿ, ಉಳಿದದ್ದನ್ನು ಮುಂದಿನ ತಿಂಗಳಿಗೆ ಒಯ್ಯಿರಿ. ಮೊದಲ ತಿಂಗಳು 22 ಉಳಿಯಿತು. ಎರಡನೆಯದಕ್ಕೆ ಮೈನಸ್ 6. ಮೂರಕ್ಕೆ ಮೈನಸ್ 74, ನಾಲ್ಕಕ್ಕೆ ಮೈನಸ್ 117. ಐದರಲ್ಲಿ ದೊಡ್ಡ ದುಡ್ಡು ಬಂದರೂ ಮೈನಸ್ 35, ಸೊನ್ನೆ ದಾಟಲಿಲ್ಲ. ಏಳರಲ್ಲಿ ಮೈನಸ್ 1. ಆಮೇಲೆ ಮತ್ತೆ ಜಾರಿ ಹನ್ನೊಂದನೇ ತಿಂಗಳಲ್ಲಿ ಮೈನಸ್ 178. ಕೊನೆಯ ತಿಂಗಳ 270 ಬಂದ ಮೇಲೆ ವರ್ಷ 24 ಸಾವಿರ ಲಾಭದಲ್ಲಿ ಮುಗಿಯುತ್ತದೆ. ಲೆಕ್ಕ ಸರಿಯಾಗೇ ಇದೆ, ಆದರೆ ನಡುವೆ ಹತ್ತು ತಿಂಗಳು ಅವಳು ನೀರಿನ ಕೆಳಗೇ ಇದ್ದಳು.

ಇದೇ ಲೆಕ್ಕವನ್ನು 68ರ ಬದಲು 50 ಕಳೆದು ಮಾಡಿ. ಅತಿ ಆಳ ಅಂದರೆ ಮೈನಸ್ 45, ಅದೂ ನಾಲ್ಕನೇ ತಿಂಗಳು. ತಿಂಗಳ ಖರ್ಚು ಹೆಚ್ಚಿದ್ದು 18 ಸಾವಿರ ಮಾತ್ರ, ಆದರೆ ಗುಂಡಿಯ ಆಳ ನಾಲ್ಕು ಪಟ್ಟಾಯಿತು. ಯಾಕೆ? ಬಾಡಿಗೆಯಲ್ಲಿ ಒಂದು ಒಳ್ಳೆಯ ತಿಂಗಳು ಹಿಂದಿನ ಗುಂಡಿಯನ್ನು ಮುಚ್ಚಿ ಮುಂದಿನದಕ್ಕೂ ಸ್ವಲ್ಪ ಉಳಿಸುತ್ತಿತ್ತು. 68ರ ಲೆಕ್ಕದಲ್ಲಿ ಮುಚ್ಚುವಷ್ಟರಲ್ಲಿ ಇನ್ನೊಂದು ಶುರು.

ಒಂದು ತಕರಾರು ಬರಬಹುದು: ಸೊನ್ನೆಯಿಂದ ಶುರು ಮಾಡಿದ್ದು ಯಾವ ತಿಂಗಳು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ನಿಜ. ಹಾಗಾಗಿ ಪ್ರತಿ ತಿಂಗಳಿನಿಂದಲೂ ಶುರು ಮಾಡಿ ನೋಡಿ, ಅತಿ ಕೆಟ್ಟದ್ದನ್ನು ಹಿಡಿಯಿರಿ. ಅವಳಿಗೆ ಸ್ವಂತ ಮನೆಯ ಲೆಕ್ಕ ಎರಡನೇ ತಿಂಗಳಿನಿಂದ ಶುರುವಾದರೆ ಗುಂಡಿ 2 ಲಕ್ಷ. ಬಾಡಿಗೆಯದು ಎಂಟನೇ ತಿಂಗಳಿನಿಂದ ಶುರುವಾದರೆ 1 ಲಕ್ಷ 5 ಸಾವಿರ. ಅಂತರ ಕಡಿಮೆಯಾಯಿತು, ಆದರೂ ಹೆಚ್ಚುಕಮ್ಮಿ ಎರಡು ಪಟ್ಟು.

ಇನ್ನೊಂದು ಪರೀಕ್ಷೆ ಬಾಕಿ ಇದೆ, ಇದನ್ನು ಯಾರೂ ಮಾಡುವುದಿಲ್ಲ. ಅತಿ ದೊಡ್ಡ ಒಂದು ಪಾವತಿಯನ್ನು ಅಳಿಸಿ ಹಾಕಿ. ಆ ಗಿರಾಕಿ ಬಿಟ್ಟು ಹೋದ ಅಂದುಕೊಳ್ಳಿ. ಅವಳ 270 ಹೋದರೆ ಬಾಡಿಗೆಯಲ್ಲಿ ವರ್ಷದ ಕೊನೆಗೆ 30 ಸಾವಿರ ಕೊರತೆ, ಸ್ವಂತ ಮನೆಯಲ್ಲಿ 2 ಲಕ್ಷ 46 ಸಾವಿರ. ಬಾಡಿಗೆಯಲ್ಲಿದ್ದವರು ನೋಟಿಸ್ ಕೊಟ್ಟು ಚಿಕ್ಕ ಮನೆಗೆ ಹೋಗಬಹುದು, ಇಎಂಐ ಚಿಕ್ಕದಾಗುವುದಿಲ್ಲ.

(ಇದಕ್ಕೆ ಯಾವ ಆ್ಯಪೂ ಬೇಡ. ಸಾಲ ಕೊಡುವವರ ಜಾಲತಾಣದಲ್ಲಿರುವ ‘ನಿಮಗೆ ಎಷ್ಟು ಸಾಲ ಸಿಗುತ್ತದೆ’ ಅನ್ನುವ ಕ್ಯಾಲ್ಕುಲೇಟರ್ ಅಂತೂ ಬೇಡವೇ ಬೇಡ, ಅದು ಕೇಳುವುದೇ ತಿಂಗಳ ಆದಾಯ ಎಷ್ಟು ಅಂತ. ಸ್ಪ್ರೆಡ್‌ಶೀಟಿನಲ್ಲಿ ಮೂರು ಸಾಲು ಸಾಕು.)

4. ಡೌನ್ ಪೇಮೆಂಟ್ ಕೊಟ್ಟ ಮೇಲೆ ಎಷ್ಟು ಉಳಿಯುತ್ತದೆ ನೋಡಿ

ಅವಳ ಹತ್ತಿರ ಇದ್ದದ್ದು 11 ಲಕ್ಷ. ಡೌನ್ ಪೇಮೆಂಟಿಗೆ 9, ನೋಂದಣಿ, ವಕೀಲರು, ಸಾಗಾಟ ಅಂತ 2. ಉಳಿದದ್ದು ಸೊನ್ನೆ. ಆ ದೊಡ್ಡ ಗಿರಾಕಿ ಬಿಟ್ಟು ಹೋದರೆ ಗುಂಡಿ ಸುಮಾರು ಎರಡೂವರೆ ಲಕ್ಷದ್ದು, ಕೈಲಿ ಏನೂ ಇಲ್ಲ. ಆಮೇಲೆ ಆಗುವುದು ಇಷ್ಟೇ: ಮೂರನೇ ತಿಂಗಳ ಇಎಂಐ ಕ್ರೆಡಿಟ್ ಕಾರ್ಡಿನ ದುಡ್ಡಿನಿಂದ ಹೋಗುತ್ತದೆ. ಶೇ 8.5ರ ಸಾಲ ತೀರಿಸಲು ಅದರ ನಾಲ್ಕೈದು ಪಟ್ಟು ಬಡ್ಡಿಯ ಸಾಲ.

ನನ್ನ ಮಾತು ಖಂಡಿತ: ಎಲ್ಲ ಕೊಟ್ಟಾದ ಮೇಲೂ ಅತಿ ಕೆಟ್ಟ ಗುಂಡಿಯಷ್ಟು ದುಡ್ಡು ಬೇರೆ ಖಾತೆಯಲ್ಲಿ ಉಳಿಯದಿದ್ದರೆ ಕೊಳ್ಳಬೇಡಿ. ಮನೆ ಎಷ್ಟೇ ಚೆನ್ನಾಗಿರಲಿ.

5. ಬಾಡಿಗೆಯನ್ನು ಇಎಂಐ ಜೊತೆ ಹೋಲಿಸಬೇಡಿ

‘ಬಾಡಿಗೆ ಕೊಟ್ಟದ್ದು ನೀರಿಗೆ ಹಾಕಿದ ಹಾಗೆ’ ಅನ್ನುತ್ತಾರೆ. ಇಎಂಐಯಲ್ಲೂ ನೀರಿಗೆ ಹೋಗುವುದಿದೆ. ಅವಳ ಮೊದಲ ತಿಂಗಳ 32 ಸಾವಿರದಲ್ಲಿ ಬಡ್ಡಿಯೇ 26 ಸಾವಿರ, ಅಸಲು ತೀರುವುದು 6 ಸಾವಿರದ ಆಸುಪಾಸು. ನಿರ್ವಹಣೆಯ 6 ಸೇರಿಸಿ. ಆ 9 ಲಕ್ಷವನ್ನು ಶೇ 6ಕ್ಕೆ ಇಟ್ಟಿದ್ದರೆ ತಿಂಗಳಿಗೆ ನಾಲ್ಕೂವರೆ ಸಾವಿರ ಬರುತ್ತಿತ್ತು, ಅದೂ ಹೋಯಿತು. ಮರಳಿ ಬಾರದ ದುಡ್ಡು ಒಟ್ಟು ಮೂವತ್ತಾರೂವರೆ ಸಾವಿರ, ಬಾಡಿಗೆಯದು 20. ಈ ಹದಿನಾರು ಹದಿನೇಳು ಸಾವಿರದ ಅಂತರ ತುಂಬಬೇಕಾದರೆ 46 ಲಕ್ಷದ ಮನೆಯ ಬೆಲೆ ವರ್ಷಕ್ಕೆ ಶೇ 4ಕ್ಕಿಂತ ಸ್ವಲ್ಪ ಜಾಸ್ತಿಯೇ ಏರಬೇಕು. ಏರಬಹುದು, ಏರದೆಯೂ ಇರಬಹುದು.

ಬಾಡಿಗೆಯ ಪಕ್ಷ ವಹಿಸಿ ಮುಗಿಸಿಬಿಟ್ಟರೆ ಮೋಸವಾಗುತ್ತದೆ. ಬಾಡಿಗೆ ಏರುತ್ತಾ ಹೋಗುತ್ತದೆ. ವರ್ಷಕ್ಕೆ ಶೇ 5 ಏರಿದರೆ ಹತ್ತು ವರ್ಷದಲ್ಲಿ ಅವಳ 20 ಸಾವಿರ 32 ದಾಟುತ್ತದೆ, ಅಷ್ಟರಲ್ಲಿ ಇಎಂಐಯಲ್ಲಿ ಬಡ್ಡಿಯ ಪಾಲು ಇಳಿದಿರುತ್ತದೆ. ನೋಂದಣಿ ಮತ್ತಿತರ ಖರ್ಚಿನ 2 ಲಕ್ಷವೂ ಹಾಗೇ: ಮೂರು ವರ್ಷಕ್ಕೇ ಮಾರಿದರೆ ತಿಂಗಳಿಗೆ ಐದೂವರೆ ಸಾವಿರ ಬಿದ್ದ ಹಾಗೆ, ಹತ್ತು ವರ್ಷ ಇದ್ದರೆ ಎರಡು ಸಾವಿರವೂ ಆಗುವುದಿಲ್ಲ. ಒಂದೇ ಕಡೆ ಹತ್ತು ವರ್ಷ ಇರುತ್ತೀರಿ, ಗುಂಡಿ ತುಂಬುವ ದುಡ್ಡೂ ಇದೆ ಅಂದರೆ ಧಾರಾಳವಾಗಿ ಕೊಳ್ಳಿ.

6. ಕೊಳ್ಳುವುದೇ ಆದರೆ ಸಾಲದ ಆಕಾರ

ಅವಧಿ ಉದ್ದದ್ದೇ ತಗೊಳ್ಳಿ, ಒಳ್ಳೆಯ ತಿಂಗಳಲ್ಲಿ ಹೆಚ್ಚುವರಿ ಕಟ್ಟಿ. ಅದೇ 37 ಲಕ್ಷ 30 ವರ್ಷಕ್ಕಾದರೆ ಇಎಂಐ ಇಪ್ಪತ್ತೆಂಟೂವರೆ ಸಾವಿರ. ಮೊದಲೇ ಕಟ್ಟಿದರೆ ದಂಡ ಇಲ್ಲ ಅಂತ ಕರಾರಿನಲ್ಲೇ ಇರಬೇಕು, ಬಾಯಿಮಾತು ನಂಬಬೇಡಿ. ಹೆಚ್ಚಿನ ದುಡ್ಡನ್ನು ಸಾಲದ ಖಾತೆಯಲ್ಲೇ ಇಟ್ಟು ಬಡ್ಡಿ ಉಳಿಸಿ, ಬೇಕಾದಾಗ ವಾಪಸ್ ತೆಗೆಯಬಹುದಾದ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಸಿಕ್ಕಿದರೆ, ಬಡ್ಡಿ ಚೂರು ಜಾಸ್ತಿಯಾದರೂ ನಾನು ಅದನ್ನೇ ಆರಿಸುತ್ತೇನೆ. ಮೊದಲ ಎರಡು ವರ್ಷ ಇಎಂಐ ಕಡಿಮೆ, ಆಮೇಲೆ ಏರುತ್ತದೆ ಅನ್ನುವ ಯೋಜನೆಗಳಿಂದ ದೂರ ಇರಿ. ಅವು ವರ್ಷ ವರ್ಷ ಸಂಬಳ ಏರುವವರಿಗಾಗಿ ಮಾಡಿದ್ದು, ನಮಗಲ್ಲ.

ಸಾಲ ಕೊಡುವವರು ನಮ್ಮಂಥವರಿಂದ ಸಾಮಾನ್ಯವಾಗಿ ಎರಡು ಮೂರು ವರ್ಷದ ತೆರಿಗೆ ರಿಟರ್ನ್ ಕೇಳುತ್ತಾರೆ, ಅದರಲ್ಲಿ ತೋರಿಸಿದ ಲಾಭವನ್ನೇ ಆದಾಯ ಅಂತ ಹಿಡಿಯುತ್ತಾರೆ. ಖರ್ಚು ಜಾಸ್ತಿ ತೋರಿಸಿ ತೆರಿಗೆ ಉಳಿಸಿದ್ದವರಿಗೆ ಸಾಲವೂ ಕಡಿಮೆಯೇ ಸಿಗುತ್ತದೆ.

7. ಒಂದು ವರ್ಷ ರಿಹರ್ಸಲ್

ಬಾಡಿಗೆ ಮನೆಯಲ್ಲೇ ಇದ್ದುಕೊಂಡು, ಸ್ವಂತ ಮನೆಗೂ ಬಾಡಿಗೆಗೂ ಇರುವ ಅಂತರವನ್ನು ಪ್ರತಿ ತಿಂಗಳು 5ನೇ ತಾರೀಕು ಬೇರೆ ಖಾತೆಗೆ ಹಾಕಿ. ಅವಳಿಗೆ ಅದು 18 ಸಾವಿರ. ದುಡ್ಡು ಬಂದಾಗ ಹಾಕುತ್ತೇನೆ ಅನ್ನುವ ಹಾಗಿಲ್ಲ, 5 ಅಂದರೆ 5, ಮುಟ್ಟುವ ಹಾಗೂ ಇಲ್ಲ. ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ.

ಗೆಳತಿ ಮೂರು ತಿಂಗಳು ತಪ್ಪದೆ ಹಾಕಿದಳು. ನಾಲ್ಕನೆಯದರಲ್ಲಿ ಗಿರಾಕಿಯ ದುಡ್ಡು ತಡವಾಯಿತು, ಹಾಕಿದ್ದರಲ್ಲಿ 40 ಸಾವಿರ ವಾಪಸ್ ತೆಗೆದಳು. ಈಗ ಮತ್ತೆ ಶುರು ಮಾಡಿದ್ದಾಳೆ, ಇದು ಎರಡನೇ ತಿಂಗಳು.