ಪಟ್ಟಿಯಾಗದ ಷೇರು ಮಾರಿದಾಗ ಹೆಚ್ಚು ತೆರಿಗೆ ಬಂದದ್ದೂ, ಸರಿಯಾದದ್ದೂ

2019ರಲ್ಲಿ ತಲಾ ₹100ರಂತೆ ಕೊಂಡಿದ್ದ 10,000 ಪಟ್ಟಿಯಾಗದ ಈಕ್ವಿಟಿ ಷೇರುಗಳನ್ನು 2024ರ ಆಗಸ್ಟ್‌ನಲ್ಲಿ ತಲಾ ₹400ರಂತೆ ಮಾರಿದೆ. ಕೈಗೆ ಬಂದದ್ದು ₹40 ಲಕ್ಷ. ಆದರೆ ಆದಾಯ ತೆರಿಗೆ ರಿಟರ್ನ್‌ನ ITR-2 ನಮೂನೆಯಲ್ಲಿ ಮಾರಾಟದ ಮೌಲ್ಯ ₹52 ಲಕ್ಷವೆಂದು ತೋರುತ್ತಿತ್ತು.

ಕಾರಣ ಆ ಮಾರಾಟಕ್ಕೆ ಅನ್ವಯಿಸುತ್ತಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 50ಸಿಎ ಕಲಂ. ಮಾರಿದ ಬೆಲೆ ನ್ಯಾಯಯುತ ಮಾರುಕಟ್ಟೆ ಮೌಲ್ಯಕ್ಕಿಂತ ಕಡಿಮೆಯಿದ್ದರೆ ಆ ಮೌಲ್ಯವನ್ನೇ ಮಾರಾಟದ ಬೆಲೆಯೆಂದು ಹಿಡಿಯಲಾಗುತ್ತದೆ. ಆ ಮೌಲ್ಯವೆಂದು ನಾನು ತುಂಬಿದ್ದ ತಲಾ ₹520, ಕಂಪನಿ ಬಂಡವಾಳ ಸಂಗ್ರಹಿಸುವಾಗ ಭವಿಷ್ಯದ ನಗದು ಹರಿವಿನ ಆಧಾರದಲ್ಲಿ ತಯಾರಿಸಿದ ವರದಿಯ ಅಂಕಿ. ಒಪ್ಪಂದಪತ್ರ, ಬ್ಯಾಂಕ್ ದಾಖಲೆಗಳಿಂದ ಅದು ಬದಲಾಗಲಿಲ್ಲ. ಮಾರ್ಚ್ 31ರ ಆಸ್ತಿ-ಹೊಣೆ ಪಟ್ಟಿಯಿಂದ ಲೆಕ್ಕ ಹಾಕಿದರೂ ₹430 ಬಂತು.

ಸರಿಯಾದ ದಾರಿ ಆಗಿನ 11ಯುಎಎ ನಿಯಮದಲ್ಲಿತ್ತು: ಈಕ್ವಿಟಿ ಷೇರಿಗೆ ಬೇಕಾದದ್ದು ವರ್ಗಾವಣೆಯ ದಿನದ ನಿವ್ವಳ ಆಸ್ತಿ ಮೌಲ್ಯ. ಮೊದಲು ಅದೇ ದಿನಕ್ಕೆ ಲೆಕ್ಕಪರಿಶೋಧಿತ ಆಸ್ತಿ-ಹೊಣೆ ಪಟ್ಟಿಯನ್ನು ಕಂಪನಿಯಿಂದ ಪಡೆದೆ. ಬಳಿಕ ಆಸ್ತಿಗಳಿಂದ ಮುಂಗಡ ತೆರಿಗೆಯನ್ನೂ ಇನ್ನೂ ವಜಾ ಮಾಡದ ಮುಂದೂಡಿದ ವೆಚ್ಚವನ್ನೂ ತೆಗೆದು, ಹೊಣೆಗಳನ್ನು ಕಳೆದು, ಈಕ್ವಿಟಿ ಷೇರುಗಳಿಗೆ ಹಂಚಿದಾಗ ಬಂದದ್ದು ₹360; ಮಾರ್ಚ್ 31ರ ನಂತರದ ತಿಂಗಳುಗಳ ನಷ್ಟವೇ ₹430ಕ್ಕೂ ಇದಕ್ಕೂ ಇರುವ ವ್ಯತ್ಯಾಸಕ್ಕೆ ಕಾರಣ. ಕಂಪನಿಗೆ ಜಮೀನಿದ್ದರೆ ಪುಸ್ತಕದ ಬೆಲೆಯಲ್ಲ, ಮುದ್ರಾಂಕ ಶುಲ್ಕದ ಮೌಲ್ಯ ಹಿಡಿಯಬೇಕು. ಆಗ ಅಂಕಿ ಏರಲೂಬಹುದು.

₹360 ತುಂಬಿದಾಗ ಮಾರಾಟದ ಮೌಲ್ಯ ₹40 ಲಕ್ಷಕ್ಕೆ ಇಳಿಯಿತು. ಲಾಭ ₹30 ಲಕ್ಷ. 24 ತಿಂಗಳು ಮೀರಿದ್ದರಿಂದ ಶೇ. 12.5ರಂತೆ ತೆರಿಗೆ ₹3.75 ಲಕ್ಷ, ಮೇಲೆ ಶೇ. 4 ಸೆಸ್. ಹಿಂದೆ ತೆರಿಗೆಯೇ ₹5.25 ಲಕ್ಷವಿತ್ತು.